ಹುಲ್ಲಿನ ಉದಾಹರಣೆ

ಒಂದು ಕಡೆ ಕೂರುವುದು ಅವಳ ಜಾಯಮಾನವಲ್ಲ. ಪಾಠ ಮಾಡುವಾಗಲೂ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡುತ್ತಲೇ ಇರುತ್ತಿದ್ದಳು. ವಿದ್ಯಾರ್ಥಿಗಳು ಬೆನ್ನ ಹಿಂದೆ ‘ಲೋಲಕ ಮೇಡಂ’ ಅನ್ನುತ್ತಿದ್ದರು. ವಿಶ್ವವಿದ್ಯಾಲಯದಲ್ಲಿ ಅವಳು ಕಲಿಸುತ್ತಿದ್ದುದು ಕಿವಿಯ ಶಾಸ್ತ್ರ. ಅದೇ ಕಟ್ಟಡದ ನೆಲಮಹಡಿಯ ಕ್ಲಿನಿಕ್ಕಿನಲ್ಲಿ ಜನರ ಕಿವಿ ಪರೀಕ್ಷೆಯನ್ನೂ ಮಾಡುತ್ತಿದ್ದಳು.

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ತಂಗಿ ಒಂದು ದಿನ ಫೋನು ಮಾಡಿ, “ಅಕ್ಕಾ, ನಮ್ಮ ಎಂಟನೇ ಕ್ಲಾಸಿನ ಮಕ್ಕಳಿಗೆ ಅರ್ಧ ಗಂಟೆ ಮಾತಾಡ್ತೀಯಾ? ಸದ್ದಿನಿಂದ ಕಿವಿ ಹೇಗೆ ಕೆಡುತ್ತೆ ಅಂತ. ಎಲ್ಲಾ ಇಯರ್‌ಫೋನ್ ಸಿಗಿಸ್ಕೊಂಡೇ ಓಡಾಡ್ತವೆ” ಎಂದಳು. ಇವಳು ಹಿಂದೆ ಮುಂದೆ ನೋಡದೆ ಒಪ್ಪಿಬಿಟ್ಟಳು. ಆ ವಿಷಯದ ಸ್ಲೈಡುಗಳು ಸಿದ್ಧವಾಗಿಯೇ ಇದ್ದವಲ್ಲ, ಸ್ವಲ್ಪ ಕತ್ತರಿಸಿದರಾಯಿತು ಎಂದುಕೊಂಡಳು.

ಕತ್ತರಿಸಲು ಕೂತಾಗ ಗೊತ್ತಾಯಿತು. ಅರವತ್ತಕ್ಕೂ ಹೆಚ್ಚು ಸ್ಲೈಡು. ಒಂದೊಂದನ್ನೂ ವರ್ಷಗಟ್ಟಲೆ ತಿದ್ದಿ ತೀಡಿದ್ದಳು. ಎರಡು ಸಂಜೆ ಹೆಣಗಿ ಇಪ್ಪತ್ತೈದಕ್ಕೆ ಇಳಿಸಿ, ಬೆಳ್ಳುಳ್ಳಿ ಸುಲಿಯುತ್ತಿದ್ದ ಅಮ್ಮನ ಮುಂದೆ ಲ್ಯಾಪ್‌ಟಾಪ್ ಇಟ್ಟು ಶುರು ಮಾಡಿದಳು. ನಾಲ್ಕನೇ ಸ್ಲೈಡಿಗೆ ಅಮ್ಮನ ತಲೆ ತೂಗತೊಡಗಿತು. ಪಕ್ಕದಲ್ಲಿದ್ದ ತಂಗಿ ಬಾಯಿಗೆ ಸೆರಗು ಹಿಡಿದು ನಕ್ಕಳು.

“ಅಕ್ಕಾ, ಇದು ಮಕ್ಕಳಿಗಾ, ಪರೀಕ್ಷಕರಿಗಾ? ಸ್ಲೈಡು ಕಮ್ಮಿ ಮಾಡಿದೀಯ, ಭಾರ ಹಾಗೇ ಇದೆ. ‘ಶ್ರವಣ ಮಿತಿಯ ತಾತ್ಕಾಲಿಕ ಪಲ್ಲಟ’ ಅಂದ್ರೆ ನಂಗೇ ಅರ್ಥ ಆಗಲ್ಲ.”

“ಅದನ್ನ ತೆಗೆದ್ರೆ ಉಳಿಯೋದೇನೇ ಪುಟ್ಟಿ?”

“ಮಕ್ಕಳು ಮನೆಗೆ ಹೋಗಿ ಒಂದೇ ಒಂದು ಮಾತು ಹೇಳ್ಬೇಕು ಅಂದ್ರೆ ಏನು ಹೇಳ್ಬೇಕು? ಅದನ್ನ ಮೊದ್ಲು ಹೇಳು. ಅದಕ್ಕೆ ಬೇಡವಾದದ್ದೆಲ್ಲ ಆಚೆ.”

ಅವಳು ಎದ್ದು ಅಡುಗೆಮನೆಗೂ ಹಜಾರಕ್ಕೂ ನಾಲ್ಕು ಸಲ ಓಡಾಡಿದಳು. “ಒಳಗಿವಿಯಲ್ಲಿ ಸದ್ದು ಹಿಡಿಯೋ ರೋಮಕೋಶ ಸತ್ತರೆ ಮತ್ತೆ ಹುಟ್ಟಲ್ಲ” ಎಂದಳು ಕೊನೆಗೆ.

ಅಲ್ಲಿಂದ ಕೆಲಸ ಕುದುರಿತು. ಡೆಸಿಬೆಲ್ಲಿನ ಲೆಕ್ಕದ ಮೂರು ಸ್ಲೈಡುಗಳ ಜಾಗದಲ್ಲಿ ಒಂದು ಚಿತ್ರ ಬಂತು: ಒಂದು ತೋಳಿನಳತೆಯಲ್ಲಿ ನಿಂತವರಿಗೆ ಕೂಗಿ ಹೇಳಬೇಕಾದರೆ ಸುತ್ತಲಿನ ಸದ್ದು ಹೆಚ್ಚಾಗಿದೆ ಎಂದರ್ಥ. ಒಳಗಿವಿಯ ಸುರುಳಿ ‘ಕಾಕ್ಲಿಯಾ’ ಬಸವನಹುಳುವಿನ ಚಿಪ್ಪಾಯಿತು. ರೋಮಕೋಶಗಳು ಆಟದ ಮೈದಾನದ ಹುಲ್ಲಾದವು. ಒಬ್ಬರು ತುಳಿದರೆ ಹುಲ್ಲಿಗೆ ಏನೂ ಆಗುವುದಿಲ್ಲ, ಇಡೀ ಶಾಲೆ ದಿನಾ ತುಳಿದರೆ ಬೋಳು ದಾರಿ ಬೀಳುತ್ತದೆ. ತಾತ್ಕಾಲಿಕ ಪಲ್ಲಟದ ಸ್ಲೈಡಿನ ಮೇಲೆ ಬೆರಳಿಟ್ಟು ಅವಳು ಬಹಳ ಹೊತ್ತು ಕೂತಳು. ಜೋರು ಸದ್ದಿನ ನಂತರ ಕೆಲವು ಗಂಟೆ ಕಿವಿ ಮಂದವಾಗಿ, ಆಮೇಲೆ ಸರಿಹೋಗುವ ಸಂಗತಿ ಅದು. ‘ಮತ್ತೆ ಹುಟ್ಟಲ್ಲ’ ಎಂಬ ಮಾತಿನ ಪಕ್ಕದಲ್ಲೇ ‘ಸರಿಹೋಗುತ್ತೆ’ ಎಂದರೆ ಮಕ್ಕಳು ಗಲಿಬಿಲಿಗೊಳ್ಳುತ್ತಾರೆ ಎಂದಳು ತಂಗಿ. ಅಕ್ಕ ಅಳಿಸಿದಳು. ಹನ್ನೆರಡು ಸ್ಲೈಡು ಉಳಿದವು.

ಅಳಿಸಿದ ಮೇಲೆ ಮನಸ್ಸು ನಿಲ್ಲಲಿಲ್ಲ. ಬಸ್ಸಿನಲ್ಲಿ, ಕ್ಲಿನಿಕ್ಕಿನಲ್ಲಿ, ಊಟದ ತಟ್ಟೆಯ ಮುಂದೆ ಅದೇ ಯೋಚನೆ. ಸುಲಭ ಮಾಡಲು ಹೋಗಿ ಸುಳ್ಳು ಹೇಳುತ್ತಿದ್ದೇನೆಯೇ? ಮತ್ತೆ ಸೇರಿಸಿದಳು, ಮತ್ತೆ ತೆಗೆದಳು. ಶಾಲೆಯ ಗೇಟಿನ ಹತ್ತಿರವೂ ಲ್ಯಾಪ್‌ಟಾಪ್ ತೆರೆಯಲು ಹೋದಾಗ ತಂಗಿ ಮುಚ್ಚಳ ಒತ್ತಿ ಹಿಡಿದು, “ಸಾಕು ಬಾರೇ, ಮಕ್ಕಳು ಕಾಯ್ತಿವೆ” ಎಂದು ಎಳೆದುಕೊಂಡು ಹೋದಳು.

ಮಾತು ಚೆನ್ನಾಗಿಯೇ ಸಾಗಿತು. ತೋಳಿನಳತೆಯ ಆಟಕ್ಕೆ ಇಬ್ಬಿಬ್ಬರು ಎದುರುಬದುರು ನಿಂತು ಕಿರುಚಿ ನಕ್ಕರು. ಬಸವನಹುಳುವಿಗೆ ‘ಥೂ’ ಎಂದರು. ಹುಲ್ಲಿನ ಚಿತ್ರ ಬಂದಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು. ಶಾಲೆಯ ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸುವವಳು ಎಂದು ತಂಗಿ ಪಿಸುಗುಟ್ಟಿದಳು.

“ಮೇಡಂ, ಹುಲ್ಲು ಬೋಳಾದ್ರೂ ನೀರು ಹಾಕಿದ್ರೆ ಮತ್ತೆ ಬರುತ್ತೆ. ನಮ್ಮ ಮೈದಾನದಲ್ಲೂ ರಜೆ ಮುಗಿಯೋ ಹೊತ್ತಿಗೆ ಬಂದಿತ್ತು. ಪ್ರಾಕ್ಟೀಸ್ ಆದ್ಮೇಲೆ ನಂಗೂ ಕಿವೀಲಿ ಗುಂಯ್ ಅನ್ನುತ್ತೆ, ಟೀವಿ ಸರಿಯಾಗಿ ಕೇಳಲ್ಲ. ಬೆಳಗ್ಗೆ ಎದ್ರೆ ಸರಿ ಇರುತ್ತೆ. ಅಂದ್ರೆ ಏನೂ ಆಗಲ್ಲ, ಅಲ್ವಾ?”

ಅಳಿಸಿದ ಸ್ಲೈಡು ಎದ್ದು ನಿಂತು ಪ್ರಶ್ನೆ ಕೇಳಿದಂತಿತ್ತು. ಮೇಡಂ ಕಿಟಕಿಯವರೆಗೆ ನಡೆದಳು, ವಾಪಸು ಬಂದಳು. ತಂಗಿ ಉಗುರು ಕಚ್ಚುತ್ತಿದ್ದಳು.

“ನೀನು ಹೇಳಿದ್ದು ಅರ್ಧ ಸರಿ ಕಣಮ್ಮಾ. ಆ ಅರ್ಧ ನಾನು ಹೇಳ್ದೇ ಬಿಟ್ಟಿದ್ದೆ” ಎಂದು ಸೀಮೆಸುಣ್ಣ ಹಿಡಿದು ಬೋರ್ಡಿನ ಮೇಲೆ ಮೂರು ಸಾಲು ಎಳೆದಳು: ನೆಟ್ಟಗಿರುವ ಹುಲ್ಲು, ಬಾಗಿದ ಹುಲ್ಲು, ಖಾಲಿ ನೆಲ. “ಗುಂಯ್ ಅಂದಾಗ ಹುಲ್ಲು ಬಾಗಿದೆ ಅಂದ್ಕೋ. ವಿಶ್ರಾಂತಿ ಕೊಟ್ರೆ ಸಾಮಾನ್ಯವಾಗಿ ಏಳುತ್ತೆ. ದಿನಾ ಹಾಗೇ ಆದ್ರೆ ಕೆಲವು ಏಳೋದೇ ಇಲ್ಲ. ಬೆಳಗ್ಗೆ ಸರಿ ಅನ್ನಿಸಿದ್ರೂ ಒಳಗೆ ಒಂದಿಷ್ಟು ಕೆಟ್ಟಿರಬಹುದು, ನಮಗೆ ಗೊತ್ತಾಗಲ್ಲ. ಇನ್ನು ಖಾಲಿ ನೆಲ. ಇಲ್ಲಿಗೆ ನನ್ನ ಹುಲ್ಲಿನ ಉದಾಹರಣೆ ಕೈ ಕೊಡುತ್ತೆ. ಹುಲ್ಲು ಬೇರಿನಿಂದ ಚಿಗುರುತ್ತೆ. ಮನುಷ್ಯರ ಕಿವಿಯ ಈ ಕೋಶಕ್ಕೆ ಚಿಗುರು ಇಲ್ಲ.”

ಡ್ರಮ್ಮಿನ ಹುಡುಗಿ ಹುಬ್ಬು ಗಂಟಿಕ್ಕಿಕೊಂಡು ನಿಂತೇ ಇದ್ದಳು.

“ಹಾಗಾದ್ರೆ ಹುಲ್ಲಲ್ಲ ಮೇಡಂ, ಹಲ್ಲುಜ್ಜೋ ಬ್ರಶ್ಶು. ಬಾಗಿದ ಎಳೆ ಮೊದಮೊದ್ಲು ನೆಟ್ಟಗಾಗುತ್ತೆ, ದಿನಾ ಒತ್ತಿ ಉಜ್ಜಿದ್ರೆ ಹಾಗೇ ಮಲಗಿಬಿಡುತ್ತೆ. ಉದುರಿದ್ದು ಉದುರಿದ ಹಾಗೇ.”

“ಆದ್ರೆ ಬ್ರಶ್ಶು ಹೊಸದು ತರಬಹುದು!” ಎಂದು ಯಾರೋ ಕೂಗಿದರು. ನಗು ಹಬ್ಬಿತು. ಹುಡುಗಿ ನಗಲಿಲ್ಲ. ಮೇಡಂಗೂ ನಗು ಬರಲಿಲ್ಲ.

ಮಾತು ಮುಗಿದ ಮೇಲೆ ತಂಗಿಯ ಜೊತೆ ಬ್ಯಾಂಡಿನ ಕೋಣೆ ನೋಡಲು ಹೋದಳು. ಹಳೇ ಉಗ್ರಾಣ, ತಗಡಿನ ಮಾಡು, ಒಂದೇ ಕಿಟಕಿ, ಅದಕ್ಕೂ ಬೀಗ. ಏಳು ಡ್ರಮ್ಮು. “ಇವತ್ತಿಂದಲೇ ಮೈದಾನದಲ್ಲಿ ಬಾರಿಸ್ಲಿ. ಕಿವಿಗೆ ಹಾಕೋ ಪ್ಲಗ್ ನಾನು ಕಳಿಸ್ತೀನಿ” ಎಂದಳು. ಅಲ್ಲೇ ಇದ್ದ ಬ್ಯಾಂಡು ಮಾಸ್ತರರು, “ಪ್ಲಗ್ ಹಾಕಿದ್ರೆ ತಾಳ ಹೇಗೆ ಕೇಳುತ್ತೆ?” ಎಂದು ಮುಖ ಸಿಂಡರಿಸಿದರು. “ಸದ್ದು ಪೂರ್ತಿ ನಿಲ್ಲಲ್ಲ ಸಾರ್, ಕಮ್ಮಿ ಆಗುತ್ತೆ ಅಷ್ಟೇ. ಒಂದ್ಸಲ ನೀವೇ ಹಾಕಿ ನೋಡಿ.” ಮಾರನೆಯ ದಿನ ಡ್ರಮ್ಮುಗಳು ಮೈದಾನದ ಬೇವಿನ ಮರದ ಕೆಳಗೆ ಬಂದವು.

ಆ ಶನಿವಾರ ಕಿವಿ ಪರೀಕ್ಷೆಗೆಂದು ತಾಯಿಯ ಜೊತೆ ಹುಡುಗಿ ಕ್ಲಿನಿಕ್ಕಿಗೆ ಬಂದಳು. ಹಿಂದಿನ ದಿನದಿಂದ ಡ್ರಮ್ಮು ಮುಟ್ಟಬಾರದು, ಬಾಗಿದ್ದು ಏಳಲು ಸಮಯ ಬೇಕು ಎಂದು ಮೇಡಂ ಮೊದಲೇ ಹೇಳಿ ಕಳಿಸಿದ್ದಳು. ಸದ್ದು ಹೊಗದ ಕೋಣೆಯ ಗಾಜಿನಾಚೆ ಹುಡುಗಿ ಹೆಡ್‌ಫೋನ್ ಹಾಕಿಕೊಂಡು, ಸಣ್ಣ ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತುತ್ತಿದ್ದಳು. ಯಂತ್ರದ ಮುಂದೆ ಕೂತವಳು ಕಿರಿಯ ಸಹೋದ್ಯೋಗಿ. ಲೋಲಕ ಮೇಡಂ ಮಾತ್ರ ಕಾರಿಡಾರಿನಲ್ಲಿ ಆ ತುದಿಗೂ ಈ ತುದಿಗೂ.

ಪರೀಕ್ಷೆಯ ಕಾಗದದ ಮೇಲೆ ಮೂಡಿದ ಗೆರೆ ಬಹುಪಾಲು ನೆಟ್ಟಗಿತ್ತು. ಎಡಗಿವಿಯಲ್ಲಿ ಮಾತ್ರ, ತೀಕ್ಷ್ಣ ಸದ್ದುಗಳ ಕಡೆ, ಒಂದು ಸಣ್ಣ ತಗ್ಗು.

“ಉದುರಿದೆಯಾ ಮೇಡಂ?” ಹುಡುಗಿ ಕೇಳಿದಳು.

“ಸ್ವಲ್ಪ ಅನ್ನಿಸುತ್ತೆ. ಸದ್ದಿನಿಂದಲೇ ಅಂತ ಒಂದೇ ಪರೀಕ್ಷೆಯಲ್ಲಿ ಹೇಳಕ್ಕಾಗಲ್ಲ. ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ. ಮಿಕ್ಕಿದ್ದೆಲ್ಲ ಗಟ್ಟಿಯಾಗಿದೆ. ಅದನ್ನ ಕಾಪಾಡ್ಕೋ.”

“ಡ್ರಮ್ಮು ಬಿಡ್ಬೇಕಾ?”

“ಬೇಡ. ಮರದ ಕೆಳಗೆ ಬಾರಿಸು, ಪ್ಲಗ್ ಹಾಕ್ಕೊಂಡು. ಗುಂಯ್ ಅಂದ್ರೆ ಅವತ್ತಿಗೆ ನಿಲ್ಲಿಸು.”

ಹುಡುಗಿ ಪ್ಲಗ್ಗುಗಳನ್ನು ಬೆರಳಲ್ಲಿ ಹಿಸುಕಿ ನೋಡುತ್ತಾ, ಬಣ್ಣ ಸರಿಯಿಲ್ಲವೆಂದು ತಾಯಿಯ ಹತ್ತಿರ ಗೊಣಗುತ್ತಾ ಹೊರಟಳು. ಮೇಡಂ ಆ ಗೆರೆಯ ಕಾಗದವನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿದಳು. ಮುಂದಿನ ರೋಗಿಯನ್ನು ಕರೆಯುವ ಹೊತ್ತಾಗಿತ್ತು. ಆದರೂ ಕಾಗದ ಹಿಡಿದುಕೊಂಡೇ ಕಾರಿಡಾರಿನಲ್ಲಿ ಇನ್ನೊಂದು ಸುತ್ತು ಹೊರಟಳು.