ಜಾನಕಮ್ಮನ ಮಾತ್ರೆ ಬದಲಿಸಿದ್ದು

ಜಾನಕಮ್ಮ, ನಿಮ್ಮ ಬಿ.ಪಿ. ಮಾತ್ರೆಯನ್ನು ನಾನು ಬದಲಿಸಿದ್ದು ನಿಮಗಾಗಿ ಅಲ್ಲ. ಒಂದು ಸಮುದ್ರಕ್ಕಾಗಿ. ಇಷ್ಟು ವರ್ಷ ಬಾಯಿ ಬಿಡಲಿಲ್ಲ — ಹೇಡಿ ನಾನು.

ಹಳೆಯ ಮಾತ್ರೆ ಅಗ್ಗದ್ದು, ನಿಮಗೆ ಚೆನ್ನಾಗಿಯೇ ಒಗ್ಗಿತ್ತು. ತಿತಿಮತಿಯ ಕಾಫಿ ಎಸ್ಟೇಟಿನ ಕೂಲಿಯವರ ಲೈನ್‌ಮನೆಯಿಂದ ನನ್ನ ಕ್ಲಿನಿಕ್ಕಿಗೆ ಬರುತ್ತಿದ್ದಿರಿ. ಒಮ್ಮೆ ಕಾಡುಜೇನು ತಂದಿರಿ. "ರೋಗಿಗಳಿಂದ ನಾನು ಏನೂ ತಗೊಳ್ಳಲ್ಲ" ಎಂದು ಗತ್ತಿನಿಂದ ಹಿಂದಿರುಗಿಸಿದೆ. ಅದನ್ನು ಹೇಳುವಾಗ ನನ್ನ ಕೈಯಲ್ಲಿದ್ದದ್ದು ಔಷಧ ಕಂಪನಿ ಕೊಟ್ಟ ಪೆನ್ನು.

ಆ ಕಂಪನಿಯ ಪ್ರತಿನಿಧಿ ನವೀನ ಬಲು ನಯದ ಮನುಷ್ಯ. ಮೊದಲು ಪೆನ್ನು, ಆಮೇಲೆ ಹಬ್ಬಕ್ಕೊಂದು ಸೂಟ್‌ಕೇಸು, ಆಮೇಲೆ ವಿದೇಶದಲ್ಲಿ "ಸಮ್ಮೇಳನ". ನನ್ನದೂ ಹೆಂಡತಿಯದೂ ಟಿಕೆಟ್ಟು, ಕಂಪನಿಯ ಹೆಸರು ಎಲ್ಲೂ ಬಾರದಂತೆ ಟ್ರಾವೆಲ್ ಏಜೆನ್ಸಿಯ ಮೂಲಕ. ವೈದ್ಯರು ಇದನ್ನು ಪಡೆಯಬಾರದೆಂಬ ನಿಯಮ ನನಗೆ ಗೊತ್ತಿತ್ತು. ಒಂದು ಬೆಳಿಗ್ಗೆ ಭಾಷಣ. ಉಳಿದಂತೆ ಬರೀ ಕಡಲು. ನೀರೆಲ್ಲಿ ಮುಗಿದು ಆಕಾಶವೆಲ್ಲಿ ಶುರುವೋ ತಿಳಿಯದ ನೀಲಿ — ದೋಣಿಯಲ್ಲಿ ಅಂಗಾತ ಮಲಗಿದ್ದರೆ ನಾನು ಯಾರೆಂಬುದೇ ಮರೆತಂತೆ... ಊರಿಗೆ ಬಂದ ಮೇಲೂ ಆ ಮಂಪರು ಇಳಿಯಲಿಲ್ಲ. ಚೀಟಿ ಬರೆಯುವಾಗಲೂ ಕಿವಿಯಲ್ಲಿ ಅಲೆಯ ಸದ್ದು.

ನವೀನ ಎಂದೂ "ಬರೆಯಿರಿ" ಎಂದವನಲ್ಲ. ಎದುರಿನ ಮೆಡಿಕಲ್ ಶಾಪಿನಲ್ಲಿ ನನ್ನ ಚೀಟಿಗೆ ಯಾವ ಮಾತ್ರೆ ಎಷ್ಟು ಹೋಯಿತೆಂದು ವಿಚಾರಿಸಿಕೊಂಡೇ ಬರುತ್ತಿದ್ದ. "ಈ ತಿಂಗಳು ನಮ್ಮದು ಸ್ವಲ್ಪ ಡಲ್ ಸಾರ್. ಮುಂದಿನ ಟ್ರಿಪ್ಪಿಗೆ ನಿಮ್ಮ ಹೆಸರು ಕಳ್ಸೋಣ ಅಂತಿದ್ದೆ." ಅಷ್ಟೇ ಮಾತು. ಸಾಕಾಗಿತ್ತು.

ಮರುದಿನ ನೀವು ಬಂದಿರಿ. ಎರಡು ಔಷಧ ಸೇರಿಸಿದ ನವೀನನ ಕಂಪನಿಯ ಹೊಸ ಮಾತ್ರೆ ಬರೆದೆ; ಎರಡನೆಯದು ನಿಮಗೆ ಬೇಕೇ ಇರಲಿಲ್ಲ. ಮೊದಲ ತಿಂಗಳು ಅವನು ಬಿಟ್ಟುಹೋದ ಉಚಿತ ಸ್ಯಾಂಪಲ್ ಕೊಟ್ಟೆ. ಆಮೇಲೆ ನೀವೇ ಕೊಳ್ಳಬೇಕಾಯಿತು.

"ತುಟ್ಟಿ ಅಲ್ವಾ ಡಾಕ್ಟ್ರೇ? ಹಳೇದೇ ಆಗಲ್ವಾ?" ಎಂದಿರಿ.

"ಜೀವಕ್ಕಿಂತ ತುಟ್ಟಿಯಾ ಜಾನಕಮ್ಮ?" ಎಂದೆ. ಥೂ, ನನ್ನ ನಾಲಿಗೆಯೇ.

ಮೆಣಸು ಕೊಯ್ಯುವ ಕಾಲದಲ್ಲಿ ನಿಮಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು. ಆಸ್ಪತ್ರೆಯ ಹಾಸಿಗೆಯಲ್ಲಿ, ಮಗಳ ಎದುರು, ತೊದಲುತ್ತ ಹೇಳಿದಿರಿ: "ದಿನ ಬಿಟ್ಟು ದಿನ ನುಂಗ್ದೆ ಡಾಕ್ಟ್ರೇ, ದುಡ್ಡು ಉಳೀಲಿ ಅಂತ... ತಪ್ಪು ನಂದೇ."

ನಾನು "ಹೂಂ" ಎಂದೆ. ಮಾತ್ರೆ ಬದಲಿಸಿದ್ದಕ್ಕಿಂತ ಆ "ಹೂಂ" ದೊಡ್ಡ ಪಾಪ.

ಆಮೇಲೆ ನವೀನನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ — ಅದರಿಂದ ನಿಮ್ಮ ಕೈ ಏನೂ ಮರಳಲಿಲ್ಲ. ಈಗಲೂ ಅರೆನಿದ್ದೆಯಲ್ಲಿ ಆ ನೀಲಿ ಬರುತ್ತದೆ. ದಂಡೆಯಲ್ಲಿ ನೀವು ಸುಮ್ಮನೆ ಕೂತಿರುತ್ತೀರಿ.

ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮ ಮಗಳು ಸಿಕ್ಕಿದ್ದಳು. "ಅಮ್ಮನ ಜಿಪುಣತನ ಸಾರ್. ಮಾತ್ರೆ ಸರಿಯಾಗಿ ತಿಂದಿದ್ರೆ ಹೀಗಾಗ್ತಿತ್ತಾ? ಇವತ್ತಿಗೂ ಬೈತೀನಿ" ಎಂದಳು. ನೀವು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತೀರಂತೆ.

ಭಾನುವಾರ ಅವಳು ಮನೆಯಲ್ಲಿರುತ್ತಾಳೆ. ಅಂದು ಬರುತ್ತೇನೆ. ಇದಿಷ್ಟನ್ನೂ ಅವಳೆದುರೇ ಹೇಳುತ್ತೇನೆ. ಅವಳು ನನ್ನನ್ನು ಬೈಯತೊಡಗಿದರೆ, ಜಾನಕಮ್ಮ, ದಯವಿಟ್ಟು ತಡೆಯಬೇಡಿ.