ಎರಡನೆಯ ಮಿಸ್ಡ್ ಕಾಲ್

ಮಾರ್ಚ್ ಹದಿನಾಲ್ಕು. ಬೆಳಗಿನಿಂದ ಮೋಡ ಮುಸುಕಿತ್ತು. ನಾಲ್ಕು ಹನಿ ಉದುರಿಸಿ ಮಳೆ ಮನಸ್ಸು ಬದಲಿಸಿತು.

ಕಂಡಕ್ಟರ್ ಅತ್ತಿಗೆ ಊರಿನ ಮಾರ್ಗದ ಬಸ್ಸಿನಲ್ಲಿ ಹನ್ನೆರಡು ವರ್ಷಗಳಿಂದ ಟಿಕೆಟ್ ಹರಿಯುತ್ತಿದ್ದಾಳೆ. ಮೈದುನ ಕರೆಯುವ ಹೆಸರೇ ಊರಿಗೆಲ್ಲ ರೂಢಿಯಾಗಿದೆ. ಮನೆಯ ಬದನೆ ತೋಟಕ್ಕೆ ನೀರು ಬಿಡುವುದೂ ಆಕೆಯೇ, ಅದೂ ಬಸ್ಸಿನಿಂದ. ಬಾವಿಯ ಪಕ್ಕದ ಶೆಡ್ಡಿನಲ್ಲಿ ಪಂಪಿನ ಮೋಟಾರಿನ ಸ್ಟಾರ್ಟರಿಗೆ ಜೋಡಿಸಿದ ಜಿಎಸ್‌ಎಂ ಪೆಟ್ಟಿಗೆಯಿದೆ, ಅದರೊಳಗೊಂದು ಸಿಮ್. ಆಕೆಯ ನಂಬರಿನಿಂದ ಕರೆ ಬಂದರೆ ಪೆಟ್ಟಿಗೆ ಒಂದೇ ರಿಂಗಿಗೆ ಅದನ್ನು ಕತ್ತರಿಸಿ, ನಿಂತ ಮೋಟಾರನ್ನು ಓಡಿಸುತ್ತದೆ, ಓಡುವುದನ್ನು ನಿಲ್ಲಿಸುತ್ತದೆ, ಏನು ಮಾಡಿದೆನೆಂದು ಸಂದೇಶವನ್ನೂ ಕಳಿಸುತ್ತದೆ.

“ಬಸ್ಸಲ್ಲಿ ನಿಂತು ಬಾವಿಗೆ ಸೀಟಿ ಊದ್ತಾಳೆ ನನ್ನ ಸೊಸೆ” ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ. ಅದು ಹೊಗಳಿಕೆಯೋ ಚುಚ್ಚು ಮಾತೋ ಇನ್ನೂ ಇತ್ಯರ್ಥವಾಗಿಲ್ಲ.

ಸೇತುವೆಯ ಸ್ಟಾಪಿನಲ್ಲಿ ಹಿಟ್ಟಿನ ಗಿರಣಿ ಸದ್ದು ಮಾಡಿದರೆ ಮೋಟಾರು ಓಡಿಸುವ ತ್ರೀ ಫೇಸ್ ಕರೆಂಟು ಬಂದಿದೆಯೆಂದು ಅರ್ಥ; ಗಿರಣಿಗೂ ಬಾವಿಗೂ ಒಂದೇ ಲೈನು. ಆ ದಿನವೂ ಗಿರಣಿ ಗುರ್ ಎಂದಿತು. ಚಿಲ್ಲರೆ ಎಣಿಸುತ್ತಿದ್ದಂತೆಯೇ ಹೆಬ್ಬೆರಳು ತಾನಾಗಿ ಕರೆ ಒತ್ತಿತು. ಒಂದು ರಿಂಗು, ಕರೆ ಕಡಿದುಹೋಯಿತು. ಅಷ್ಟರಲ್ಲಿ ಬಸ್ಸು ಸೇತುವೆ ದಾಟಿ ತಗ್ಗಿಗೆ ಇಳಿದಿತ್ತು.

ಆಗ ನೆನಪಾಯಿತು. ಬೆಳಿಗ್ಗೆ ಮೈದುನ ಬಾಗಿಲಲ್ಲಿ ನಿಂತು ಹೇಳಿದ್ದ: “ಅತ್ತಿಗೆ, ಪಂಪಿನ ಗ್ಲ್ಯಾಂಡ್ ಸೋರ್ತಿದೆ. ಇವತ್ತು ಫಿಟ್ಟರ್ ಬರ್ತಾನೆ, ಹಗ್ಗ ಬದಲಾಯಿಸ್ತೀವಿ. ಫೋನ್ ಮಾಡ್ಬೇಡಿ.” ಆಕೆ ಚೀಲ ಹೆಗಲಿಗೇರಿಸುತ್ತ “ಹೂಂ” ಎಂದಿದ್ದಳು. ನೀರು ಸೋರದಂತೆ ಪಂಪಿನ ತಿರುಗುವ ಶಾಫ್ಟಿನ ಸುತ್ತ ತುರುಕಿದ ಹಳೆಯ ಹಗ್ಗವನ್ನು ಕೊಕ್ಕೆ ಹಾಕಿ ಎಳೆಯುವ ಕೆಲಸ ಅದು. ಕೈ ಶಾಫ್ಟಿನ ಪಕ್ಕದಲ್ಲೇ ಇರುತ್ತದೆ.

ಮೈದುನನಿಗೆ ಕರೆ ಮಾಡಿದಳು. ತಗ್ಗಿನಲ್ಲಿ ಸಿಗ್ನಲ್ ಇಲ್ಲ. ಪೆಟ್ಟಿಗೆಯ ಸಂದೇಶವೂ ಬಂದಿಲ್ಲ. ಕರೆಯನ್ನು ಕಡಿದದ್ದು ಪೆಟ್ಟಿಗೆಯೋ, ತಗ್ಗೋ?

“ಕಂಡಕ್ಟರಮ್ಮ, ನನ್ನ ಐದು ರೂಪಾಯಿ?” ಎಂದಿತು ಮೂರನೆಯ ಸೀಟಿನ ಮುದುಕಿ. ಆಕೆ ಹತ್ತು ಕೊಟ್ಟು ಮುಂದೆ ಹೋದಳು. “ಇವತ್ತು ಧರ್ಮಕ್ಕಿದೆ ನೋಡು” ಎಂದು ಮುದುಕಿ ಪಕ್ಕದವಳಿಗೆ ಪಿಸುಗುಟ್ಟಿತು.

“ಅಣ್ಣಾ, ಏರು ಹತ್ತಿದ ಕೂಡಲೇ ನಿಲ್ಲಿಸಿ.”

“ಅಲ್ಲಿ ಸ್ಟಾಪಿಲ್ಲವಲ್ಲ, ತಂಗಿ!” ಎಂದ ಡ್ರೈವರ್, ಕನ್ನಡಿಯಲ್ಲಿ ಆಕೆಯ ಮುಖ ನೋಡಿ ಗೇರು ಬದಲಿಸಿದ.

ಏರಿನ ಮೇಲೆ ಬಸ್ಸು ನಿಂತಿತು. ಮೈದುನನ ಫೋನು ಬಡಿದುಕೊಂಡರೂ ಎತ್ತುವವರಿಲ್ಲ; ಪೆಟ್ಟಿಗೆಯ ಸಂದೇಶವೂ ಇನ್ನೂ ಬಂದಿಲ್ಲ. ವಿಷಯ ಕೇಳಿದ ಡ್ರೈವರ್, “ಓಡ್ತಿದ್ರೆ ಇನ್ನೊಂದು ಮಿಸ್ಡ್ ಕಾಲ್ ಕೊಡು, ನಿಂತುಹೋಗುತ್ತೆ” ಎಂದ.

“ಓಡ್ತಾನೇ ಇಲ್ಲದಿದ್ರೆ?”

ಆಕೆಯ ಹೆಬ್ಬೆರಳು ಪೆಟ್ಟಿಗೆಯ ನಂಬರಿನ ಮೇಲೆಯೇ ಚಡಪಡಿಸುತ್ತಿತ್ತು. ಅದನ್ನು ಎತ್ತಿ ಸಂದೇಶದ ಕಡೆ ಒಯ್ದು ‘OFF’ ಎಂದು ಬರೆದು ಕಳಿಸಿದಳು. ಸಂದೇಶಕ್ಕೆ ಕರೆಯಂಥ ಎರಡು ಮನಸ್ಸಿಲ್ಲ. ಓಡುತ್ತಿದ್ದರೆ ನಿಲ್ಲಿಸುತ್ತದೆ, ನಿಂತಿದ್ದರೆ ಸುಮ್ಮನಿರುತ್ತದೆ. ಹಿಂದಿನಿಂದ ಯಾರೋ, “ಇಳಿದು ನಡೆದಿದ್ರೆ ಇಷ್ಟೊತ್ತಿಗೆ ಮನೆ ಸೇರ್ತಿದ್ವಿ” ಎಂದರು. ಆಕೆಗೆ ಕೇಳಿಸಲಿಲ್ಲ. ಕಡೆಗೂ ಫೋನು ನಡುಗಿತು: ಮೋಟಾರ್ ನಿಂತಿದೆ.

ಯಾವಾಗಿನಿಂದ ಎಂದು ಅದು ಹೇಳಲಿಲ್ಲ.

ಮೈದುನ ಕರೆ ಮಾಡಿದ್ದು ಬಸ್ಸು ಹೊರಡುವ ಮುನ್ನ.

“ಅತ್ತಿಗೆ, ನೀವಾ ಮಾಡಿದ್ದು?”

“ಹೌದಪ್ಪ. ಏನಾಯ್ತು?”

“ಗರ್ ಅಂತ ತಿರುಗ್ತು. ಕೊಕ್ಕೆ ಫಿಟ್ಟರ್ ಕೈಯಿಂದ ಹಾರಿ ಗೋಡೆಗೆ ಬಡೀತು. ಅಂಗೈ ಸೀಳಿದೆ, ಬೆರಳೆಲ್ಲ ಸರಿ ಇವೆ. ನಾನು ಕೆಂಪು ಗುಂಡಿ ಒತ್ತಿ ನಿಲ್ಲಿಸ್ದೆ.”

“ಫ್ಯೂಸ್ ಕಿತ್ತಿರಲಿಲ್ವಾ?”

“ಶುರು ಮಾಡಿದಾಗ ಕರೆಂಟೇ ಇರಲಿಲ್ಲ, ಅದಕ್ಕೇ... ಸ್ಟಾರ್ಟರೇ ಕೆಟ್ಟಿದೆ ಅಂದ್ಕೊಂಡ್ವಿ. ಕೈಗೆ ಬಟ್ಟೆ ಕಟ್ಕೊಂಡು ಅವನು ಮತ್ತೆ ಕೂತಿದ್ದ, ಅತ್ತಿಗೆ.”

ಮತ್ತೆ ಕೂತಿದ್ದ. ಎರಡನೆಯ ಕರೆ ಹೋಗಿದ್ದರೆ ಶಾಫ್ಟು ಅವನ ಕೈಯ ಕೆಳಗೆ ಇನ್ನೊಮ್ಮೆ ತಿರುಗುತ್ತಿತ್ತು. ಆಕೆ ಬಾಗಿಲ ಕಂಬಿ ಹಿಡಿದು ನಿಂತಳು. “ಈಗಲೇ ಫ್ಯೂಸ್ ಕಿತ್ತು ಜೇಬಲ್ಲಿ ಇಟ್ಕೋ. ಆಮೇಲೆ ಅವನನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗು” ಎಂದು ಹೇಳಿ ಸೀಟಿ ಊದಿದಳು. ಸೀಟಿಯ ಸದ್ದು ಅರ್ಧಕ್ಕೇ ನಿಂತಿತು.

ಸಂಜೆ ಫಿಟ್ಟರನ ಮನೆಗೆ ಹೋಗಿ ತಪ್ಪು ತನ್ನದೆಂದಳು. “ಅರ್ಧ ನನ್ನದೂ ಇದೆ ಬಿಡಕ್ಕ, ಎಡಗೈಯಲ್ಲೂ ಊಟ ಹೇಗೋ ನಡೆಯುತ್ತೆ” ಎಂದು ಅವನು ಕಟ್ಟು ಎತ್ತಿ ತೋರಿಸಿದ. ಹಿಂದಿರುಗುವಾಗ ಪೆಟ್ಟಿಗೆ ಕೂರಿಸಿದವನನ್ನು ಕರೆದೊಯ್ದು ಸೆಟ್ಟಿಂಗ್ ಬದಲಾಯಿಸಿದಳು: ಇನ್ನು ಮಿಸ್ಡ್ ಕಾಲ್ ಮೋಟಾರನ್ನು ನಿಲ್ಲಿಸುತ್ತದೆ, ಅಷ್ಟೇ. ಓಡಿಸಬೇಕಾದರೆ ಬರೆದು ಕಳಿಸಬೇಕು; ಬರೆಯುವಷ್ಟು ಹೊತ್ತು ಯೋಚಿಸಬೇಕು. ಆದರೂ ಮರುದಿನ ಗಿರಣಿ ಸದ್ದು ಮಾಡಿದಾಗ ಆಕೆ ಫೋನನ್ನು ಚೀಲದ ತಳಕ್ಕೆ ತಳ್ಳಿ, ಎರಡು ಸ್ಟಾಪು ಕಳೆದ ಮೇಲೆ ತೆಗೆದಳು.

ಆ ದಿನದ ಖರ್ಚು: ಗ್ಲ್ಯಾಂಡ್ ಹಗ್ಗ ನೂರಾ ನಲವತ್ತು, ಹೊಲಿಗೆ ಮತ್ತು ಮಾತ್ರೆ ಆರುನೂರ ಐವತ್ತು, ಫಿಟ್ಟರನ ಮೂರು ದಿನದ ಕೂಲಿ ಎರಡು ಸಾವಿರದ ನಾನೂರು, ಮುದುಕಿಗೆ ಹೆಚ್ಚಾಗಿ ಕೊಟ್ಟದ್ದು ಐದು ರೂಪಾಯಿ.