ಊರ್ಮಿಳಾ ಮಿಸ್ ಹತ್ತಿಸಿದ ಐದು ಮೆಟ್ಟಿಲು

ಅಂಬತ್ತೂರಿನಲ್ಲಿ ಒಂದು ಬೋಲ್ಟ್ ಕಾರ್ಖಾನೆಗೂ ಒಂದು ಕಲ್ಯಾಣ ಮಂಟಪಕ್ಕೂ ನಡುವೆ ಮೂರಂತಸ್ತಿನ ಖಾಸಗಿ ನರ್ಸಿಂಗ್ ಶಾಲೆಯೊಂದಿತ್ತು. ಊರ್ಮಿಳಾ ಮಿಸ್ ಅಲ್ಲಿ ಇಪ್ಪತ್ತೆರಡು ವರ್ಷದಿಂದ ಸಮುದಾಯ ಆರೋಗ್ಯದ ಪಾಠ ಮಾಡುತ್ತಿದ್ದರು. ಬ್ರಹ್ಮಾವರದ ಕಡೆಯವರು. ಗಂಡ ರಘುರಾಮ ಅಣ್ಣಾನಗರದ ಸಸ್ಯಾಹಾರಿ ಹೋಟೆಲೊಂದರ ಮ್ಯಾನೇಜರು. ಸರ್ಕಾರದ ಆರೋಗ್ಯ ವ್ಯವಸ್ಥೆ ಮಿಸ್ಸಿಗೆ ಅಂಗೈ ಗೆರೆಯಷ್ಟು ಪರಿಚಿತ. ಅಂಗೈ ಗೆರೆಯ ಹಾಗೆಯೇ ಅದನ್ನೂ ಅವರು ಮನೆಯಲ್ಲಿ ಕೂತೇ ನೋಡಿದ್ದರು. ಓದು ಮುಗಿದ ತಿಂಗಳೇ ಟೀಚರ್ ಕೆಲಸ ಸಿಕ್ಕಿದ್ದರಿಂದ ಒಂದು ದಿನವೂ ಆರೋಗ್ಯ ಕೇಂದ್ರದಲ್ಲಿ ದುಡಿದವರಲ್ಲ. ವರ್ಷಕ್ಕೊಮ್ಮೆ ಹುಡುಗಿಯರನ್ನು ಹಳ್ಳಿಗೆ ಕರೆದೊಯ್ದಾಗ ಪಂಚಾಯಿತಿ ಕಚೇರಿಯ ಫ್ಯಾನಿನ ಕೆಳಗೆ ಕೂತು ಹಾಜರಿ ತಿದ್ದುತ್ತಿದ್ದರು.

ಅವರ ಪಾಠದ ಜೀವಾಳ ಡೆಮೊ ರೂಮಿನ ಗೋಡೆಯ ಮೇಲಿದ್ದ ಒಂದು ಪಟ. ಐದು ಮೆಟ್ಟಿಲು: ಉಪಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರ, ಸಮುದಾಯ ಆರೋಗ್ಯ ಕೇಂದ್ರ, ಜಿಲ್ಲಾ ಆಸ್ಪತ್ರೆ, ಮೆಡಿಕಲ್ ಕಾಲೇಜು ಆಸ್ಪತ್ರೆ. ಕೆಳಗಿನಿಂದ ಮೇಲಕ್ಕೆ ಕೆಂಪು ಬಾಣ. ರೋಗಿಯಾದವರು ಒಂದೊಂದೇ ಮೆಟ್ಟಿಲು ಹತ್ತಬೇಕು, ಹಾರಬಾರದು ಎಂದು ಮಿಸ್ ಕೋಲು ಕುಟ್ಟಿ ಹೇಳುತ್ತಿದ್ದರು. ಹೋದ ದೀಪಾವಳಿಯಲ್ಲಿ ಸ್ವತಃ ಅವರಿಗೆ ಎದೆ ಉರಿ ಬಂದಾಗ ಮಾತ್ರ ಆಟೊ ಹತ್ತಿ ನೇರವಾಗಿ ದೊಡ್ಡ ಹೃದಯ ತಜ್ಞರ ಬಾಗಿಲಿಗೇ ಹೋದರು. ಮೂರು ಪರೀಕ್ಷೆ ಮಾಡಿಸಿದ ತಜ್ಞರು, ಮನೆ ಹತ್ತಿರದ ಡಾಕ್ಟರಿಗೆ ತೋರಿಸಿ, ರಾತ್ರಿ ಬೋಂಡ ಬಿಡಿ ಎಂದು ಚೀಟಿ ಬರೆದು ಕಳಿಸಿದರು. ಈ ಪ್ರಕರಣ ಪಾಠದಲ್ಲಿ ಬರುತ್ತಿರಲಿಲ್ಲ.

2003ರ ಸೆಪ್ಟೆಂಬರಿನ ಒಂದು ಶನಿವಾರ ಮಧ್ಯಾಹ್ನ ಆ ಪಟದ ಕೆಳಗೆ ರಚನಾ ನಿಂತಿದ್ದಳು. ಮಂಡ್ಯದ ಕಡೆಯ ಹುಡುಗಿ. ಅಪ್ಪ ಎಂಜಿನಿಯರು, ಅಂಬತ್ತೂರಿನ ಕಾರ್ಖಾನೆಗೆ ವರ್ಗವಾಗಿ ಬಂದವರು. ಏಪ್ರಿಲ್‌ನ ವೈವಾದಲ್ಲಿ ಅವಳೊಬ್ಬಳೇ ನಪಾಸಾಗಿದ್ದಳು. ಉಪಕೇಂದ್ರದಿಂದ ರೋಗಿಯನ್ನು ಎಲ್ಲಿಗೆ ಕಳಿಸುತ್ತೀ ಎಂದು ಕೇಳಿದ್ದಕ್ಕೆ ‘ಕೀಲ್ಪಾಕ್‌ಗೆ’ ಎಂದಿದ್ದಳಂತೆ, ಅಂದರೆ ನೇರ ಮೇಲಿನ ಮೆಟ್ಟಿಲಾದ ಮೆಡಿಕಲ್ ಕಾಲೇಜು ಆಸ್ಪತ್ರೆಗೆ. ಸೋಮವಾರ ಮರುಪರೀಕ್ಷೆ. ಅದರಲ್ಲೂ ಹೋದರೆ ಕಿರಿಯರ ಜೊತೆ ಇಡೀ ವರ್ಷ ಮತ್ತೆ ಕೂರಬೇಕು. ಹುಡುಗಿಗೆ ವರ್ಷ ಹೋಗುವುದು, ಮಿಸ್ಸಿಗೆ ನೂರಕ್ಕೆ ನೂರು ಫಲಿತಾಂಶದ ಬ್ಯಾನರು ಹೋಗುವುದು. ಇಬ್ಬರಿಗೂ ಅವಳು ಪಾಸಾಗಲೇಬೇಕಿತ್ತು.

“ನಾನೀಗ ಹೊರಗಿನ ಎಕ್ಸಾಮಿನರ್,” ಎಂದು ಮಿಸ್ ಕನ್ನಡಕವನ್ನು ಮೂಗಿನ ತುದಿಗಿಳಿಸಿ ಧ್ವನಿಯನ್ನು ದಪ್ಪ ಮಾಡಿಕೊಂಡರು. “ಆರೋಗ್ಯ ಸೇವೆಗೆ ಎಷ್ಟು ಹಂತ?”

“ಮೂರು ಮಿಸ್. ಪ್ರಾಥಮಿಕ, ದ್ವಿತೀಯ, ತೃತೀಯ.”

“ಎಕ್ಸಾಮಿನರಿಗೆ ಮಿಸ್ ಅಂತಾರಾ? ಮ್ಯಾಡಮ್ ಅನ್ನು. ಉಪಕೇಂದ್ರ ಎಷ್ಟು ಜನರಿಗೆ?”

“ಬಯಲಲ್ಲಿ ಐದು ಸಾವಿರ, ಗುಡ್ಡಗಾಡಲ್ಲಿ ಮೂರು ಸಾವಿರ, ಮ್ಯಾಡಮ್.”

“ಪ್ರಾಥಮಿಕ ಕೇಂದ್ರ?”

“ಬಯಲಲ್ಲಿ ಮೂವತ್ತು ಸಾವಿರ. ಆರು ಉಪಕೇಂದ್ರದಿಂದ ಅಲ್ಲಿಗೆ ಕಳಿಸ್ತಾರೆ. ಈ ಎರಡೂ ಮೊದಲನೇ ಹಂತ.”

“ಅದರ ಮೇಲೆ?”

“ಸಮುದಾಯ ಕೇಂದ್ರ. ಒಂದು ಲಕ್ಷದ ಇಪ್ಪತ್ತು ಸಾವಿರ ಜನಕ್ಕೆ. ಮೂವತ್ತು ಹಾಸಿಗೆ, ನಾಲ್ಕು ಜನ ತಜ್ಞರು. ಅದು, ಜಿಲ್ಲಾ ಆಸ್ಪತ್ರೆ, ಎರಡೂ ದ್ವಿತೀಯ. ಮೆಡಿಕಲ್ ಕಾಲೇಜು ತೃತೀಯ.”

“ನೋಡು, ಗೊತ್ತುಂಟಲ್ಲ! ಮತ್ತೆ ಏಪ್ರಿಲ್‌ನಲ್ಲಿ ಬಾಯಿಗೆ ಎಂತ ಆಗಿತ್ತು ಮಾರಾಯ್ತಿ?” ಎಂದ ಮಿಸ್ ಅವಳ ಕುಟುಂಬ ಫೋಲ್ಡರನ್ನು ಎಳೆದುಕೊಂಡರು.

ಕುಟುಂಬ ಫೋಲ್ಡರ್ ಎಂದರೆ ಹಳ್ಳಿಯ ತರಬೇತಿಯಲ್ಲಿ ಪ್ರತಿ ಹುಡುಗಿ ಒಂದೊಂದು ಮನೆಯ ಜವಾಬ್ದಾರಿ ಹೊತ್ತು ಬರೆದಿಡುವ ಕಡತ. ವೈವಾದಲ್ಲಿ ಪ್ರಶ್ನೆ ಹುಟ್ಟುವುದೇ ಅದರಿಂದ. ಉಳಿದವರು ಸೀನಿಯರ್‌ಗಳ ಫೋಲ್ಡರಿನಿಂದ ಇಳಿಸಿಕೊಳ್ಳುತ್ತಿದ್ದರು. ಹಾಗಾಗಿ ಶಾಲೆಯ ದಾಖಲೆಯ ಪ್ರಕಾರ ಆ ಹಳ್ಳಿಯ ಒಬ್ಬ ಅಜ್ಜಿಗೆ ಒಂಬತ್ತು ವರ್ಷದಿಂದ ಅರುವತ್ತೆರಡೇ ವಯಸ್ಸು. ರಚನಾ ಮಾತ್ರ ಕಂಡದ್ದನ್ನೇ ಬರೆದಿದ್ದಳು. ಅವಳಿಗೆ ವಹಿಸಿದ್ದ ಮನೆಯ ಸೊಸೆ ಪೂಂಗೊಡಿಗೆ ಎಂಟನೇ ತಿಂಗಳಲ್ಲಿ, ನೋವಿಲ್ಲದೆ, ಒಂದು ಬೆಳಿಗ್ಗೆ ರಕ್ತಸ್ರಾವ ಶುರುವಾಗಿತ್ತು. ಉಪಕೇಂದ್ರದ ನರ್ಸಮ್ಮ ಅವಳನ್ನು ಪ್ರಾಥಮಿಕ ಕೇಂದ್ರದಲ್ಲಿ ತೋರಿಸಿ, ಅಲ್ಲಿಂದ ನೇರ ಕೀಲ್ಪಾಕಿಗೆ ಕರೆದೊಯ್ದಿದ್ದರು.

“ನೋಡಿದ್ಯಾ, ಮತ್ತೆ ಕೀಲ್ಪಾಕ್!” ಎಂದರು ಮಿಸ್. “ಮಧ್ಯದ ಎರಡು ಮೆಟ್ಟಿಲು ಎಂತ ಆಯ್ತು? ಕಾಗೆ ಕಚ್ಚಿಕೊಂಡು ಹೋಯ್ತಾ?”

“ಸಮುದಾಯ ಕೇಂದ್ರಕ್ಕೆ, ಅದೇ ತಾಲ್ಲೂಕು ಆಸ್ಪತ್ರೆಗೆ, ನರ್ಸಮ್ಮ ಬೂತಿಂದ ಫೋನ್ ಮಾಡಿದ್ರು ಮಿಸ್. ಅರಿವಳಿಕೆ ಡಾಕ್ಟ್ರು ಮಂಗಳವಾರ ಶುಕ್ರವಾರ ಮಾತ್ರ ಬರೋದು ಅಂದ್ರು. ಅವತ್ತು ಬುಧವಾರ.”

“ಪಟದಲ್ಲಿ ಬುಧವಾರ ಅಂತ ಉಂಟಾ?”

“ಇಲ್ಲ ಮಿಸ್. ಆದ್ರೆ ರಕ್ತ ಹೋಗ್ತಾ ಇತ್ತಲ್ಲ…”

“ಎಕ್ಸಾಮಿನರ್ ಮುಂದೆ ರಕ್ತ ಹೋಗುದಿಲ್ಲ, ಮಾರ್ಕು ಹೋಗ್ತದೆ. ಆ ಹಾಳೆ ತೆಗಿ. ಹೊಸತು ಬರಿ. ನಾನು ಹೇಳ್ತೇನೆ.”

ರಚನಾ ಬರೆದಳು. ಬೆಳಿಗ್ಗೆ ಏಳಕ್ಕೆ ಉಪಕೇಂದ್ರ. ಒಂಬತ್ತಕ್ಕೆ ಪ್ರಾಥಮಿಕ ಕೇಂದ್ರ. ಹನ್ನೊಂದೂವರೆಗೆ ಸಮುದಾಯ ಕೇಂದ್ರ. ಮೂರಕ್ಕೆ ಜಿಲ್ಲಾ ಆಸ್ಪತ್ರೆ. ಸಂಜೆ ಆರೂವರೆಗೆ ಮೆಡಿಕಲ್ ಕಾಲೇಜು. ಪ್ರತಿ ಮೆಟ್ಟಿಲಿಗೆ ಒಂದು ಚೀಟಿ, ಪ್ರತಿ ಚೀಟಿಗೆ ಒಂದು ನಂಬರು. ಮಿಸ್ ಕೆಂಪು ಸ್ಕೆಚ್ ಪೆನ್ನಿನಲ್ಲಿ ತಾವೇ ಬಾಣ ಎಳೆದು, ಸ್ವಲ್ಪ ದೂರ ಹಿಡಿದು ನೋಡಿದರು. ಇಷ್ಟು ಶಿಸ್ತಿನ ರೋಗಿಯನ್ನು ಅವರು ಈವರೆಗೆ ಕಂಡಿರಲಿಲ್ಲ.

ಸೋಮವಾರ ಹೊರಗಿನ ಪರೀಕ್ಷಕರಾಗಿ ಬಂದವರು ಸಾಕಮ್ಮ. ಹೊಸೂರಿನ ಕಡೆಯ ಹಳ್ಳಿಗಳಲ್ಲಿ ಮೂವತ್ತು ವರ್ಷ ಸರ್ಕಾರಿ ನರ್ಸಾಗಿದ್ದು, ಕೊನೆಗೆ ತರಬೇತಿ ಕೇಂದ್ರಕ್ಕೆ ಬಂದವರು. ಹತ್ತಿಯ ಸೀರೆ, ಗಂಡಸರ ಕೈಗಡಿಯಾರ. ಒಳಗಿನ ಪರೀಕ್ಷಕಿಯಾಗಿ ಊರ್ಮಿಳಾ ಮಿಸ್ ಪಕ್ಕದ ಕುರ್ಚಿಯಲ್ಲಿದ್ದರು. ನಿಯಮದ ಪ್ರಕಾರ ಇಬ್ಬರೂ ತಲಾ ಐವತ್ತಕ್ಕೆ ಅಂಕ ಕೊಡಬೇಕು.

ಹಂತಗಳು, ಜನಸಂಖ್ಯೆ, ಹಾಸಿಗೆ ಎಲ್ಲವನ್ನೂ ರಚನಾ ಇಂಗ್ಲಿಷಿನಲ್ಲಿ ಗಡಗಡನೆ ಹೇಳಿದಳು. ಸಾಕಮ್ಮ ತಲೆಯಾಡಿಸುತ್ತಾ ಫೋಲ್ಡರ್ ತಿರುಗಿಸುತ್ತಿದ್ದರು. ಕೆಂಪು ಬಾಣದ ಹಾಳೆ ಬಂದಾಗ ಕೈ ನಿಂತಿತು. ಬೆರಳು ಮಡಿಸಿ ಏನೋ ಲೆಕ್ಕ ಹಾಕಿದರು. ಮುಖಪುಟದಲ್ಲಿ ಹುಡುಗಿಯ ಹೆಸರು, ಊರು ನೋಡಿ ಕನ್ನಡಕ್ಕೆ ಇಳಿದರು.

“ಏಳರಿಂದ ಆರೂವರೆ. ಹನ್ನೊಂದೂವರೆ ಗಂಟೆ. ಈಯಮ್ಮ ಯಾವ ಮೆಟ್ಟಿಲಲ್ಲಿ ಸತ್ಲು ಕಣಮ್ಮ?”

ಈ ಪ್ರಶ್ನೆ ಶನಿವಾರ ಬಂದಿರಲಿಲ್ಲ.

“ಸಾಯ್ಲಿಲ್ಲ ಮ್ಯಾಡಮ್. ಚೆನ್ನಾಗಿದಾರೆ.”

“ಬದುಕಿದ್ರೆ ಈ ದಾರೀಲಿ ಹೋಗಿಲ್ಲ. ಈ ದಾರೀಲಿ ಹೋಗಿದ್ರೆ ಬದುಕಿಲ್ಲ. ಎರಡರಲ್ಲಿ ಒಂದು ಹೇಳು.”

ಊರ್ಮಿಳಾ ಮಿಸ್ ಕೆಮ್ಮಿದರು. ಆ ಕೆಮ್ಮಿನ ಅರ್ಥ ‘ಪಟ ಬಿಟ್ಟು ಕದಲಬೇಡ’ ಎಂದು. ರಚನಾ ಮಿಸ್ಸಿನ ಮುಖ ನೋಡಿದಳು, ಸಾಕಮ್ಮನ ಕೈಗಡಿಯಾರ ನೋಡಿದಳು.

“ಈ ದಾರೀಲಿ ಹೋಗಿಲ್ಲ ಮ್ಯಾಡಮ್.”

“ಮತ್ತೆ ಯಾರು ಬರೆದಿದ್ದು?”

“ಕೈ ನಂದು. ಮಿಸ್ ಹೇಳಿದ್ದು.”

ಅದನ್ನು ಅವಳು ದೂರಿನಂತೆ ಹೇಳಲಿಲ್ಲ. ಬಯಲಲ್ಲಿ ಐದು ಸಾವಿರ ಎಂದ ದನಿಯಲ್ಲೇ ಹೇಳಿದಳು. ಮಿಸ್ಸಿನ ಕಿವಿ ಬಿಸಿಯಾಯಿತು. ಸಾಕಮ್ಮ ಅವರತ್ತ ತಿರುಗಲೂ ಇಲ್ಲ. ಅದು ತಿರುಗಿ ನೋಡುವುದಕ್ಕಿಂತ ಹೆಚ್ಚು ಚುಚ್ಚಿತು.

“ಸರಿ. ಏನು ನಡೀತು ಅದನ್ನ ಹೇಳು.”

“ಏಳು ಗಂಟೆಗೆ ಗಂಡ ಓಡಿ ಬಂದ್ರು. ನರ್ಸಮ್ಮ ನಾಡಿ, ಬಿಪಿ ನೋಡಿದ್ರು. ಒಳಗಡೆ ಕೈ ಹಾಕಿ ಪರೀಕ್ಷೆ ಮಾಡ್ಲಿಲ್ಲ. ಮಾಸು ಕೆಳಗೆ ಕೂತಿದ್ರೆ ಕೈ ತಾಗಿ ರಕ್ತ ಜಾಸ್ತಿ ಆಗುತ್ತೆ ಅಂದ್ರು. ಕೇಂದ್ರದ ಜೀಪು ಲಸಿಕೆಗೆ ಹೋಗಿತ್ತು, ಅದಕ್ಕೆ ತರಕಾರಿ ವ್ಯಾನು ನಿಲ್ಲಿಸಿದ್ರು. ಪ್ರಾಥಮಿಕ ಕೇಂದ್ರ ದಾರೀಲೇ ಇತ್ತು. ಡಾಕ್ಟ್ರು ಡ್ರಿಪ್ ಹಾಕಿ ಹತ್ತು ನಿಮಿಷದಲ್ಲಿ ಕಳಿಸಿದ್ರು. ತಾಲ್ಲೂಕಲ್ಲಿ ಅರಿವಳಿಕೆ ಡಾಕ್ಟ್ರು ಇಲ್ಲ ಅಂತ ಫೋನಲ್ಲೇ ಗೊತ್ತಾಯ್ತಲ್ಲ, ಅಲ್ಲಿಗೆ ಹೋಗ್ಲಿಲ್ಲ. ಜಿಲ್ಲಾ ಆಸ್ಪತ್ರೆ ಇನ್ನೂ ದೂರ. ಎಲ್ಲಿ ಆಪರೇಷನ್ನೂ ರಕ್ತಾನೂ ಎರಡೂ ಸಿಗುತ್ತೋ ಅಲ್ಲಿಗೇ. ಒಂಬತ್ತೂವರೆಗೆ ಕೀಲ್ಪಾಕ್.”

“ಜೊತೇಲಿ ಯಾರು?”

“ನರ್ಸಮ್ಮನೇ. ನಾನೂ ವ್ಯಾನ್ ಹತ್ತಿದ್ದೆ. ರಕ್ತ ಕೊಡೋಕೆ ಗಂಡ, ಮೈದುನ. ಗೇಟಲ್ಲಿ ಮೈದುನ ಓಡಿಹೋಗೋಕೆ ನೋಡಿದ್ರು, ನರ್ಸಮ್ಮ ಷರ್ಟು ಹಿಡ್ಕೊಂಡಿದ್ರು.”

ಸಾಕಮ್ಮ ಮೊದಲ ಬಾರಿಗೆ ನಕ್ಕರು. “ಎಲ್ಲಾ ಊರಲ್ಲೂ ಮೈದುನಂದಿರು ಹಂಗೇ. ಹಂಗಾದ್ರೆ ಈ ಮೆಟ್ಟಿಲೆಲ್ಲಾ ದಂಡ ಅನ್ನು. ಎಲ್ಲರೂ ಕೀಲ್ಪಾಕಿಗೇ ಹೋಗಿಬಿಡಲಿ, ಅಲ್ವಾ?”

ಇದು ಗುಂಡಿ. ಏಪ್ರಿಲ್‌ನಲ್ಲಿ ಹುಡುಗಿ ಬಿದ್ದದ್ದು ಇದರಲ್ಲೇ.

“ಇಲ್ಲ ಮ್ಯಾಡಮ್,” ಎಂದಳು ರಚನಾ ನಿಧಾನವಾಗಿ. “ಜ್ವರ, ಚುಚ್ಚುಮದ್ದು, ತೊಂದರೆ ಇಲ್ಲದ ಹೆರಿಗೆ ಎಲ್ಲಾ ಕೆಳಗೇ ಆಗ್ಬೇಕು. ಎದೆ ಉರಿಗೂ ಎಲ್ಲರೂ ದೊಡ್ಡಾಸ್ಪತ್ರೆಗೆ ಹೋದ್ರೆ ಪೂಂಗೊಡಿಗೆ ಹಾಸಿಗೆ ಎಲ್ಲಿರುತ್ತೆ? ಸಾಮಾನ್ಯವಾಗಿ ಒಂದೊಂದೇ ಮೆಟ್ಟಿಲು. ತುರ್ತು ಇದ್ರೆ, ಆ ಚಿಕಿತ್ಸೆ ಇರೋ ಹತ್ತಿರದ ಜಾಗ. ಆಮೇಲೆ ಮೇಲಿಂದ ಕೆಳಕ್ಕೂ ಚೀಟಿ ಬರ್ಬೇಕು. ಮನೇಲಿ ನೋಡ್ಕೊಳ್ಳೋರು ನರ್ಸಮ್ಮನೇ ತಾನೇ.”

ಎದೆ ಉರಿಯ ಉದಾಹರಣೆ ಹುಡುಗಿಗೆ ಎಲ್ಲಿಂದ ಸಿಕ್ಕಿತೆಂದು ಮಿಸ್ ಯೋಚಿಸಲು ಹೋಗಲಿಲ್ಲ.

“ಮಿಸ್, ನೀವೂ ಏನಾದ್ರೂ ಕೇಳಿ,” ಎಂದು ಸಾಕಮ್ಮ ಕಾಫಿ ಲೋಟ ಎತ್ತಿಕೊಂಡರು.

ಊರ್ಮಿಳಾ ಮಿಸ್ ತಮ್ಮ ನೋಟ್ಸಿನ ಪುಟ ತಿರುವಿದರು. ಅಲ್ಲಿದ್ದ ಪ್ರಶ್ನೆಗಳಿಗೆಲ್ಲ ಉತ್ತರವೂ ಅಲ್ಲೇ ಇತ್ತು. ಪುಸ್ತಕ ಮುಚ್ಚಿದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ತಮಗೆ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆಯನ್ನು ವೈವಾದಲ್ಲಿ ಕೇಳಿದರು.

“ನರ್ಸಮ್ಮ ಕೀಲ್ಪಾಕಿಗೆ ಕೊಟ್ಟ ಚೀಟಿಯಲ್ಲಿ ಎಂತ ಬರೆದಿದ್ರು?”

“ಹೆಸರು, ವಯಸ್ಸು, ಎಷ್ಟನೇ ಬಸಿರು, ಎಷ್ಟು ವಾರ. ರಕ್ತ ಎಷ್ಟು ಗಂಟೆಗೆ ಶುರುವಾಯ್ತು, ಎಷ್ಟು ಬಟ್ಟೆ ನೆನೆದಿತ್ತು. ನಾಡಿ, ಬಿಪಿ, ರಕ್ತದ ಗುಂಪು. ಏನು ಕೊಟ್ಟಿದೀವಿ, ಎಷ್ಟು ಗಂಟೆಗೆ. ಒಳಗೆ ಪರೀಕ್ಷೆ ಮಾಡಿಲ್ಲ ಅಂತ ಕೆಳಗೆ ಗೆರೆ ಎಳೆದಿದ್ರು. ಯಾಕೆ ಕಳಿಸ್ತಿದೀವಿ, ಯಾರು ಕಳಿಸ್ತಿರೋದು. ವ್ಯಾನ್ ಕುಲುಕ್ತಿತ್ತು ಮಿಸ್, ಅಕ್ಷರ ಸೊಟ್ಟಗಿತ್ತು.”

“ನಂಬರು?”

“ನಂಬರ್ ಹಾಕಿರ್ಲಿಲ್ಲ ಮಿಸ್.”

ಮಿಸ್ ಅದನ್ನು ಬರೆದುಕೊಂಡರು; ಯಾವ ಹುಡುಗಿಯ ಮಾತನ್ನೂ ಅವರು ಹೀಗೆ ಬರೆದುಕೊಂಡವರಲ್ಲ. ರಚನಾಳನ್ನು ಹೊರಗೆ ಕಳಿಸಿದ ಮೇಲೆ ಸಾಕಮ್ಮ ಕೆಂಪು ಬಾಣದ ಹಾಳೆಯನ್ನು ಫೋಲ್ಡರಿನಿಂದ ಬಿಡಿಸಿ ಮಿಸ್ಸಿನ ಮುಂದಿಟ್ಟರು.

“ಇದು ನಿಮ್ಮದು, ಇಟ್ಕೊಳಿ. ಮುಂದಿನ ಬ್ಯಾಚನ್ನ ಹಳ್ಳಿಗೆ ಕರ್ಕೊಂಡು ಹೋದಾಗ ಒಂದು ದಿನ ಆ ನರ್ಸಮ್ಮನ ಜೊತೆ ಮನೆಮನೆ ತಿರುಗಿ ಬನ್ನಿ. ಬಿಸಿಲಿರ್ತದೆ, ಛತ್ರಿ ತಗೊಂಡು ಹೋಗಿ.”

ಊರ್ಮಿಳಾ ಮಿಸ್ಸಿಗೆ ಸಿಟ್ಟು ಬಂತು, ನಾಚಿಕೆಯೂ ಬಂತು. ಎರಡಕ್ಕೂ ಅಂಕದ ಪಟ್ಟಿಯಲ್ಲಿ ಕಾಲಮ್ ಇರಲಿಲ್ಲ. ಸಾಕಮ್ಮ ತಮ್ಮ ಭಾಗದಲ್ಲಿ ನಲವತ್ತೊಂದು ಎಂದು ಬರೆದು ಪಟ್ಟಿಯನ್ನು ಇತ್ತ ಸರಿಸಿದರು. ಮಿಸ್ ಪೆನ್ನು ಹಿಡಿದರು. ‘ಮಿಸ್ ಹೇಳಿದ್ದು’ ಎಂಬ ಮಾತಿಗೆ ಎಷ್ಟು ಕಳೆಯಬಹುದು ಎಂದು ಮನಸ್ಸು ಒಂದು ಕಡೆ ಲೆಕ್ಕ ಹಾಕುತ್ತಿತ್ತು. ಆಮೇಲೆ ನಲವತ್ತು ಎಂದು ಬರೆದರು. ಹೊರಗಿನವರಿಗಿಂತ ಒಂದು ಅಂಕ ಕಡಿಮೆ ಕೊಡುವುದು ಒಳಗಿನವರ ಮರ್ಯಾದೆ ಎಂದು ಅವರ ನಂಬಿಕೆ.